ಬೇಸಿನ್‌ನ ಪಾಪ್-ಅಪ್ ಮುಚ್ಚಳ ಕೂರದಿದ್ದರೆ, ಏಳದಿದ್ದರೆ: ದೋಷ ಹುಡುಕಿ ಕೆಳಗಿನ ರಾಡ್‌ಗಳನ್ನು ಹೊಂದಿಸುವ ಕ್ರಮ

ನಲ್ಲಿಯ ಹಿಂದಿರುವ ಗುಂಡಿಯನ್ನು ಮೇಲೆಳೆದರೆ ಬೇಸಿನ್‌ನ ಮುಚ್ಚಳ ಕೂರಬೇಕು, ಕೆಳಗೊತ್ತಿದರೆ ಏಳಬೇಕು. ಮುಂಬೈ, ಪುಣೆಯ ಫ್ಲ್ಯಾಟುಗಳಲ್ಲಿ ಇಂಥ ಬೇಸಿನ್ ಇರುವ ಅನೇಕರು ಅದು ಕೆಟ್ಟ ಮೇಲೆ ಮುಚ್ಚಳವನ್ನು ಕಿತ್ತು ಕಪಾಟಿನಲ್ಲಿಟ್ಟು, ಜಾಲರಿಯೊಂದನ್ನು ಹಾಕಿಕೊಂಡು ಕಾಲ ಕಳೆಯುತ್ತಾರೆ. ಪ್ಲಂಬರನ್ನು ಕರೆದರೆ ಮುಚ್ಚಳ ಕೂರುವ ಇಡೀ ವೇಸ್ಟ್ ಕಪ್ಲಿಂಗನ್ನೇ ಬದಲಿಸಬೇಕೆಂಬ ಸಲಹೆ ಸಾಮಾನ್ಯವಾಗಿ ಮೊದಲು ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಹೆಜ್ಜೆಯಾಗಬೇಕು, ಏಕೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವು ಕೂದಲು, ಸುಣ್ಣದ ಪದರ ಅಥವಾ ತಪ್ಪು ತೂತಿಗೆ ಸಿಕ್ಕಿಸಿದ ಒಂದು ರಾಡ್ ಇವುಗಳಲ್ಲೇ ಇರುತ್ತದೆ.

ಬೇಸಿನ್‌ನ ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಮೂರು ಭಾಗಗಳು ಕಾಣುತ್ತವೆ. ಗುಂಡಿಯಿಂದ ನೇರ ಕೆಳಗಿಳಿಯುವುದು ನಿಂತ ರಾಡ್. ಅದರ ತುದಿಯನ್ನು ಒಂದು ಸ್ಕ್ರೂ ಮೂಲಕ ಹಿಡಿದಿರುವ, ಸಾಲಾಗಿ ತೂತುಗಳುಳ್ಳ ಲೋಹದ ಪಟ್ಟಿ ಎರಡನೆಯದು. ಆ ಪಟ್ಟಿಯ ಒಂದು ತೂತಿನ ಮೂಲಕ ಹಾದು ವೇಸ್ಟ್ ಪೈಪಿನೊಳಗೆ ಹೋಗುವ ಅಡ್ಡ ರಾಡ್ ಮೂರನೆಯದು. ಅಡ್ಡ ರಾಡ್ ಪೈಪನ್ನು ಹೊಕ್ಕುವ ಜಾಗದಲ್ಲಿ ನಟ್ಟೊಂದು ಬಿಗಿದು ಹಿಡಿದಿರುವ ಪ್ಲಾಸ್ಟಿಕ್ ಗುಂಡು ಇದ್ದು, ಆ ಗುಂಡಿನ ಮೇಲೆ ಅದು ಏತದಂತೆ ತೂಗುತ್ತದೆ: ಹೊರತುದಿ ಮೇಲೆ ಹೋದರೆ ಒಳತುದಿ ಇಳಿದು ಮುಚ್ಚಳ ಕೂರುತ್ತದೆ, ಹೊರತುದಿ ಇಳಿದರೆ ಮುಚ್ಚಳ ಏಳುತ್ತದೆ. ಕೆಲವು ಮಾದರಿಗಳಲ್ಲಿ ತೂತುಪಟ್ಟಿಯ ಬದಲು ಎರಡು ಸ್ಕ್ರೂಗಳ ಪುಟ್ಟ ಕ್ಲ್ಯಾಂಪ್ ಇರುತ್ತದೆ. ಒಂದು ಸ್ಕ್ರೂ ನಿಂತ ರಾಡನ್ನೂ ಇನ್ನೊಂದು ಅಡ್ಡ ರಾಡನ್ನೂ ಹಿಡಿಯುತ್ತದೆ, ಆದರೆ ಮುಂದೆ ಹೇಳುವ ತರ್ಕ ಎರಡಕ್ಕೂ ಒಂದೇ.

## ಕೈ ಹಾಕುವ ಮೊದಲು

ಕೆಳಗೆ ಬಕೆಟ್ ಇಟ್ಟುಕೊಳ್ಳಿ, ಕಪಾಟಿನ ಸಾಮಾನನ್ನು ಹೊರಗಿಡಿ. ಇದು ನೀರು ಹೊರಹೋಗುವ ಬದಿಯ ಕೆಲಸವಾದ್ದರಿಂದ ಆ್ಯಂಗಲ್ ಕಾಕ್ ಮುಚ್ಚಲೇಬೇಕೆಂದಿಲ್ಲ. ಆದರೆ ಕೈ ಆಡಿಸುವಾಗ ಕನೆಕ್ಷನ್ ಪೈಪಿಗೆ ಪೆಟ್ಟು ಬಿದ್ದು ಅದು ಜಾರಿದರೆ ಮನೆಯೆಲ್ಲ ನೀರಾಗುವುದರಿಂದ ಮುಚ್ಚಿರುವುದೇ ಒಳ್ಳೆಯದು. ಕಪಾಟಿನೊಳಗೆ ಗೀಸರ್ ಅಥವಾ ಫಿಲ್ಟರಿನ ಪ್ಲಗ್ ಇದ್ದರೆ ಅದನ್ನು ಕಿತ್ತಿಡಿ.

ಹಿಂದಿನ ದಿನಗಳಲ್ಲಿ ಯಾರಾದರೂ ಡ್ರೇನ್ ಕ್ಲೀನರ್ ಪುಡಿ ಸುರಿದಿದ್ದಾರೆಯೇ ಎಂದು ಮನೆಯವರನ್ನು ಕೇಳಿಕೊಳ್ಳಿ. ಕಟ್ಟಿಕೊಂಡ ಪೈಪಿನಲ್ಲಿ ಆ ಕಾಸ್ಟಿಕ್ ನೀರು ಹಾಗೆಯೇ ನಿಂತಿರಬಹುದು, ಮತ್ತು ಗುಂಡಿನ ನಟ್ಟು ಬಿಚ್ಚಿದ ಕೂಡಲೇ ಅದು ಕೈಗೂ ಮುಖಕ್ಕೂ ಸಿಡಿಯಬಹುದು. ಸುರಿದಿದ್ದರೆ ಸಾಕಷ್ಟು ನೀರು ಹರಿಸಿ, ರಬ್ಬರ್ ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಮುಂದುವರಿಯಿರಿ. ನೀರು ಇಳಿಯದೆ ನಿಂತಿದ್ದರೆ ಆ ದಿನ ನಟ್ಟನ್ನು ಮುಟ್ಟಬೇಡಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚ್ ಎರಡನ್ನೂ ಒಂದೇ ಬೇಸಿನ್‌ಗೆ ಎಂದೂ ಹಾಕಬಾರದು, ಅವು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ.

## ಮುಚ್ಚಳ ಮುಚ್ಚಿದರೂ ನೀರು ನಿಲ್ಲುವುದಿಲ್ಲ

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಗುಂಡಿಯನ್ನು ಪೂರ್ತಿ ಮೇಲೆಳೆದು ಬೇಸಿನ್‌ಗೆ ನಾಲ್ಕು ಬೆರಳಿನಷ್ಟು ನೀರು ತುಂಬಿ, ಮುಚ್ಚಳದ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮುಚ್ಚಳ ಇನ್ನೂ ಒಂದೆರಡು ಮಿ.ಮೀ. ಇಳಿದು ನೀರಿನ ಸದ್ದು ನಿಂತರೆ, ಮುಚ್ಚಳವೂ ಅದು ಕೂರುವ ಪೀಠವೂ ಸರಿಯಾಗಿವೆ, ರಾಡ್‌ಗಳು ಅದನ್ನು ಪೂರ್ತಿ ಕೂರಲು ಬಿಡುತ್ತಿಲ್ಲ ಎಂದರ್ಥ. ಒತ್ತಿದರೂ ಅದು ಕದಲದೆ ನೀರು ಇಳಿಯುತ್ತಲೇ ಇದ್ದರೆ ತೊಂದರೆ ಮುಚ್ಚಳದ ಅಂಚಿನಲ್ಲಿದೆ, ಕೆಳಗಿನ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಈ ಒಂದು ಪರೀಕ್ಷೆಯನ್ನು ಬಿಟ್ಟು ನೇರವಾಗಿ ಸ್ಕ್ರೂಗೆ ಕೈ ಹಾಕಿದವರು ಸರಿಯಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ.

ಅಂಚಿನ ತೊಂದರೆಯಾದರೆ ಮುಚ್ಚಳವನ್ನು ಹೊರತೆಗೆಯಿರಿ. ಕೆಲವು ಮುಚ್ಚಳಗಳು ಅಡ್ಡ ರಾಡಿನ ಮೇಲೆ ಸುಮ್ಮನೆ ಕುಳಿತಿರುತ್ತವೆ, ಮೇಲೆತ್ತಿದರೆ ಬರುತ್ತವೆ. ಇನ್ನು ಕೆಲವಕ್ಕೆ ಬುಡದಲ್ಲಿ ಕಣ್ಣಿನಂಥ ತೂತಿದ್ದು ರಾಡ್ ಅದರೊಳಗೆ ಹಾದಿರುತ್ತದೆ; ಅವುಗಳನ್ನು ಬಲವಂತವಾಗಿ ಎಳೆದರೆ ಕಣ್ಣು ಮುರಿಯುತ್ತದೆ, ಆದ್ದರಿಂದ ಮೊದಲು ಗುಂಡಿನ ನಟ್ಟನ್ನು ಬಿಚ್ಚಿ ಅಡ್ಡ ರಾಡನ್ನು ಒಂದಿಷ್ಟು ಹಿಂದಕ್ಕೆ ಎಳೆಯಬೇಕು. ಹೊರಬಂದ ಮುಚ್ಚಳದ ಕಾಲಿಗೆ ಕೂದಲು, ಸೋಪು, ಟೂತ್‌ಪೇಸ್ಟ್ ಸೇರಿದ ಬೂದು ಬಣ್ಣದ ಬತ್ತಿ ಸುತ್ತಿಕೊಂಡಿರುವುದು ಸಾಮಾನ್ಯ. ಅದನ್ನು ತೆಗೆದು, ರಬ್ಬರ್ ವಾಷರನ್ನು ಬೆರಳಿನಲ್ಲಿ ಬಾಗಿಸಿ ನೋಡಿ: ಬಾಗಿಸಿದಾಗ ಸೀಳು ಕಂಡರೆ ಅಥವಾ ಒಂದು ಬದಿ ಚಪ್ಪಟೆಯಾಗಿದ್ದರೆ ಹೊಸದು ಬೇಕು. ಹಳೆಯ ವಾಷರನ್ನೇ ಅಂಗಡಿಗೆ ಒಯ್ದು ಅಳತೆ ಹೊಂದಿಸಿ ತನ್ನಿ.

ಪುಣೆಯ ಹೊರವಲಯದಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ನಂಬಿದ ಸೊಸೈಟಿಗಳಲ್ಲಿ ವಾಷರಿಗಿಂತ ಮೊದಲು ಪೀಠವನ್ನು ಸಂದೇಹಿಸಬೇಕು. ಗಡಸು ನೀರಿನ ಬಿಳಿ ಪದರ ಪೀಠದ ಮೇಲೆ ಏರುಪೇರಾಗಿ ಕಟ್ಟಿ, ಹೊಸ ವಾಷರ್ ಕೂಡ ಅದರ ಮೇಲೆ ಸಮನಾಗಿ ಕೂರದಂತೆ ಮಾಡುತ್ತದೆ. ಉಗುರಿನಿಂದ ಸವರಿದರೆ ಒರಟು ತಿಳಿಯುತ್ತದೆ. ಬಿಸಿ ನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ಅದರಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಪೀಠದ ಮೇಲಿಟ್ಟು, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದರೆ ಅದು ಬಿಡುತ್ತದೆ. ಆ್ಯಸಿಡ್ ಸುರಿದರೆ ಇನ್ನೂ ಬೇಗ ಹೋಗುತ್ತದೆ ನಿಜ, ಆದರೆ ಕ್ರೋಮ್ ಲೇಪನವೂ ಅದರೊಂದಿಗೇ ಹೋಗುತ್ತದೆ. ಮುಂಬೈ ಪಾಲಿಕೆಯ ಕೆರೆ ನೀರು ಬರುವ ಮನೆಗಳಲ್ಲಿ ಈ ಪದರ ಅಷ್ಟಾಗಿ ಕಾಡುವುದಿಲ್ಲ.

ಬುಡದಲ್ಲಿ ಎತ್ತರ ಹೊಂದಿಸುವ ಸ್ಕ್ರೂ ಇರುವ ಮುಚ್ಚಳವಾದರೆ ಅದನ್ನೂ ನೋಡಿ. ಆ ಸ್ಕ್ರೂ ಹೆಚ್ಚು ಹೊರಬಂದಿದ್ದರೆ ಮುಚ್ಚಳದ ಕಾಲು ಉದ್ದವಾಗಿ, ಅದು ಪೀಠದ ಬದಲು ರಾಡಿನ ಮೇಲೆಯೇ ನಿಂತುಬಿಡುತ್ತದೆ. ಲಾಕ್ ನಟ್ಟು ಸಡಿಲಿಸಿ ಒಂದೆರಡು ಸುತ್ತು ಒಳಗೆ ತಿರುಗಿಸಿ ಮತ್ತೆ ಬಿಗಿಯಿರಿ.

## ಮುಚ್ಚಳ ಸರಿಯಾಗಿ ಕೂತಿದೆ, ಆದರೂ ನೀರು ನಿಧಾನವಾಗಿ ಇಳಿಯುತ್ತದೆ

ಬೇಸಿನ್‌ನ ಗೋಡೆಯಲ್ಲಿ ಓವರ್‌ಫ್ಲೋ ತೂತಿದ್ದು, ನೀರು ಅಲ್ಲಿಯವರೆಗೆ ಇಳಿದು ನಿಂತರೆ ಅದು ದೋಷವೇ ಅಲ್ಲ. ಅದಕ್ಕಿಂತ ಕೆಳಗೂ ಇಳಿಯುತ್ತಿದ್ದು ವಾಷರ್, ಪೀಠ ಎರಡೂ ಸ್ವಚ್ಛವಾಗಿದ್ದರೆ, ವಾಷರಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಮುಚ್ಚಿ, ನೀರಿನ ಮಟ್ಟದಲ್ಲಿ ಟೇಪಿನ ತುಂಡು ಅಂಟಿಸಿ ಅರ್ಧ ಗಂಟೆ ಬಿಡಿ. ಜೆಲ್ಲಿ ಹಚ್ಚುವ ಮೊದಲಿನಷ್ಟೇ ವೇಗವಾಗಿ ನೀರು ಇಳಿದರೆ ಅದು ಮುಚ್ಚಳದ ಮೂಲಕ ಹೋಗುತ್ತಿಲ್ಲ. ವೇಸ್ಟಿನ ಹೊಳೆಯುವ ಅಂಚು ಮತ್ತು ಸೆರಾಮಿಕ್ ನಡುವೆ ನುಸುಳಿ, ಓವರ್‌ಫ್ಲೋಗಾಗಿ ವೇಸ್ಟಿನ ಪಕ್ಕದಲ್ಲಿ ಕೊರೆದ ಸೀಳಿನ ಮೂಲಕ ಪೈಪಿಗಿಳಿಯುತ್ತಿದೆ. ಕೆಳಗೆ ಒಂದು ಹನಿಯೂ ಸೋರದೆ ಇರುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಪರಿಹಾರವೆಂದರೆ ವೇಸ್ಟನ್ನು ಕಳಚಿ ಅಂಚಿನ ಕೆಳಗೆ ಹೊಸ ಸೀಲ್ ಹಾಕಿ ಕೂರಿಸುವುದು, ಅದು ಪ್ಲಂಬರನ ಕೆಲಸ.

ರಬ್ಬರ್ ವಾಷರೇ ಇಲ್ಲದ, ಲೋಹದ ಮೇಲೆ ಲೋಹ ಕೂರುವ ಮುಚ್ಚಳಗಳಿಂದ ಗಂಟೆಗಟ್ಟಲೆ ನೀರು ನಿಲ್ಲಬೇಕೆಂದು ಅಪೇಕ್ಷಿಸಬಾರದು. ಮುಖ ತೊಳೆಯುವಷ್ಟು, ಗಡ್ಡ ಹೆರೆಯುವಷ್ಟು ಹೊತ್ತು ನಿಂತರೆ ಅದು ತನ್ನ ಕೆಲಸ ಮಾಡುತ್ತಿದೆ.

## ಒತ್ತಿದರೆ ಇಳಿಯುವ, ಅಥವಾ ಸಾಕಷ್ಟು ಏಳದ ಮುಚ್ಚಳ

ಇಲ್ಲಿಂದ ಮುಂದೆ ರಾಡ್‌ಗಳ ಕೆಲಸ. ಸ್ಕ್ರೂವನ್ನು ಮುಟ್ಟುವ ಮೊದಲು ಒಬ್ಬರು ಗುಂಡಿಯನ್ನು ಮೇಲೆ ಕೆಳಗೆ ಆಡಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಒಂದೇ ಪ್ರಶ್ನೆಗೆ ಉತ್ತರ ಹುಡುಕಲಿ: ಚಲನೆ ನಿಲ್ಲುವುದು ಯಾವುದಕ್ಕೆ ತಾಗಿ?

ಮೇಲೆಳೆದಾಗ ಚಲನೆಯನ್ನು ನಿಲ್ಲಿಸಬೇಕಾದುದು ಪೀಠಕ್ಕೆ ಕೂತ ಮುಚ್ಚಳ ಮಾತ್ರ. ಅದಕ್ಕೂ ಮೊದಲೇ ಪಟ್ಟಿಯ ತಲೆ ಬೇಸಿನ್‌ನ ತಳಕ್ಕೋ ನಲ್ಲಿಯನ್ನು, ಅಂದರೆ ಮಿಕ್ಸರನ್ನು, ಬಿಗಿದ ನಟ್ಟಿಗೋ ತಾಗುತ್ತಿದ್ದರೆ ಮುಚ್ಚಳ ಕೂರುವುದು ಸಾಧ್ಯವೇ ಇಲ್ಲ. ಆಗ ಅಡ್ಡ ರಾಡನ್ನು ಪಟ್ಟಿಗೆ ಹಿಡಿದಿರುವ ಸ್ಪ್ರಿಂಗ್ ಕ್ಲಿಪ್ಪನ್ನು ಚಿವುಟಿ ಜಾರಿಸಿ, ಅಡ್ಡ ರಾಡನ್ನು ಪಟ್ಟಿಯ ಒಂದು ತೂತು ಮೇಲಕ್ಕೆ ಸಿಕ್ಕಿಸಬೇಕು. ಪಟ್ಟಿ ಅದೇ ಎತ್ತರದಲ್ಲಿ ನಿಂತರೂ ಅಡ್ಡ ರಾಡಿನ ಹೊರತುದಿ ಈಗ ಹೆಚ್ಚು ಮೇಲೇರುತ್ತದೆ.

ಕೆಳಗೊತ್ತಿದಾಗ ಗುಂಡಿ ಮಿಕ್ಸರಿನ ಮೈಗೆ ತಾಗಿ ನಿಂತು, ಮುಚ್ಚಳ ಮಾತ್ರ ಇನ್ನೂ ಅರೆಬರೆ ಎದ್ದಿದ್ದರೆ, ನಿಂತ ರಾಡ್ ಪಟ್ಟಿಯೊಳಗೆ ಬಹಳ ಕೆಳಗಿಳಿದಿದೆ. ಸ್ಕ್ರೂ ಸಡಿಲಿಸಿ, ಪಟ್ಟಿಯನ್ನು ರಾಡಿನ ಮೇಲೆ ಕೆಳಕ್ಕೆ ಜಾರಿಸಬೇಕು. ಇದಕ್ಕೆ ಸುಲಭದ ಕ್ರಮವೆಂದರೆ, ಅಡ್ಡ ರಾಡಿನ ಹೊರತುದಿಯನ್ನು ಕೈಯಿಂದ ಒತ್ತಿ ಮುಚ್ಚಳವನ್ನು 9–10 ಮಿ.ಮೀ. ಏಳಿಸಿ ಹಿಡಿದುಕೊಂಡು, ಗುಂಡಿ ಮಿಕ್ಸರಿನ ಮೈಯಿಂದ 3 ಮಿ.ಮೀ. ಮೇಲಿರುವಂತೆ ಮಾಡಿ, ಅದೇ ಸ್ಥಿತಿಯಲ್ಲಿ ಸ್ಕ್ರೂ ಬಿಗಿಯುವುದು. ಬಿಗಿದ ನಂತರ ಗುಂಡಿಯನ್ನು ಎಳೆದು ಮುಚ್ಚುವುದನ್ನೂ ಪರೀಕ್ಷಿಸಿ. ಈ ಸ್ಕ್ರೂವಿಗೆ ಸಾಮಾನ್ಯವಾಗಿ ಕೈಬೆರಳಿನ ಬಿಗಿ ಸಾಕು, ಇಕ್ಕಳದಿಂದ ಒಂದು ಚೂರು ತಿರುಗಿಸಿದರೆ ಭದ್ರ. ಅದು ಸಡಿಲಾಗಿ ರಾಡ್ ಜಾರುವುದೇ ಅನೇಕ ಮನೆಗಳಲ್ಲಿ ದೋಷದ ಪೂರ್ತಿ ಕಥೆ.

## ಮುಚ್ಚಿಕೊಂಡರೆ ಏಳುವುದಿಲ್ಲ, ಎದ್ದರೆ ಮುಚ್ಚಿಕೊಳ್ಳುವುದಿಲ್ಲ

ಹೆಚ್ಚು ಜನರನ್ನು ದಿಕ್ಕೆಡಿಸುವ ಲಕ್ಷಣ ಇದು. ಡೊಂಬಿವಲಿಯಲ್ಲಿರುವ ನಮ್ಮ ಪರಿಚಯದ ಧಾರವಾಡದ ಹಿರಿಯರೊಬ್ಬರ ಮನೆಯಲ್ಲಿ ಹೊಸ ಮಿಕ್ಸರ್ ಹಾಕಿಸಿದ ಮೇಲೆ ಹೀಗಾಗಿತ್ತು. "ನೀರು ನಿಲ್ಲೂ ಹಂಗ ಮಾಡಿದ್ರ ಹರಿಯೂದಿಲ್ಲ, ಹರಿಯೂ ಹಂಗ ಮಾಡಿದ್ರ ನಿಲ್ಲೂದಿಲ್ಲ, ಎರಡರಾಗ ಒಂದ ಆರಿಸ್ಕೋ ಅಂತದ" ಎಂಬುದು ಅವರ ದೂರು. ಅವರು ಅಡ್ಡ ರಾಡನ್ನು ಪಟ್ಟಿಯ ಎರಡು ತೂತುಗಳ ನಡುವೆ ಹಲವು ಬಾರಿ ಬದಲಿಸಿ ಸೋತಿದ್ದರು.

ಅಳೆದು ನೋಡಿದಾಗ ಕಾರಣ ಕಂಡಿತು. ಹೊಸ ಮಿಕ್ಸರಿನ ಜೊತೆ ಬಂದ ನಿಂತ ರಾಡ್ ಹಳೆಯದಕ್ಕಿಂತ ಗಿಡ್ಡವಾಗಿತ್ತು. ಅದರ ತುದಿ ಪಟ್ಟಿಯ ಸ್ಕ್ರೂವಿನಲ್ಲಿ ಹೇಗೋ ಸಿಕ್ಕಿಕೊಂಡಿತ್ತಷ್ಟೆ, ಆದ್ದರಿಂದ ಪಟ್ಟಿಯನ್ನು ಇನ್ನೂ ಕೆಳಗೆ ಜಾರಿಸುವಂತಿರಲಿಲ್ಲ. ಕೆಳಗೆ ಗುಂಡಿ ಮಿಕ್ಸರಿಗೆ ತಾಗುತ್ತಿತ್ತು, ಮೇಲೆ ಪಟ್ಟಿಯ ತಲೆ ಮಿಕ್ಸರಿನ ನಟ್ಟಿಗೆ ತಾಗುತ್ತಿತ್ತು, ನಡುವೆ ಉಳಿದ ಓಡಾಟ 24 ಮಿ.ಮೀ. ಮಾತ್ರ. ಪಟ್ಟಿಯು ಅಡ್ಡ ರಾಡನ್ನು ಹಿಡಿದಿದ್ದ ಜಾಗ ಗುಂಡಿನಿಂದ 120 ಮಿ.ಮೀ. ದೂರದಲ್ಲಿತ್ತು, ಮುಚ್ಚಳ ತಾಗುವ ಒಳತುದಿ ಗುಂಡಿನಿಂದ 30 ಮಿ.ಮೀ. ದೂರದಲ್ಲಿತ್ತು. ಹೊರಗಿನ ತೋಳು ಒಳಗಿನ ತೋಳಿನ ನಾಲ್ಕರಷ್ಟಿರುವುದರಿಂದ ಹೊರಗಿನ 24 ಮಿ.ಮೀ. ಓಡಾಟ ಮುಚ್ಚಳದ ಬಳಿ 6 ಮಿ.ಮೀ. ಆಗಿ ತಲುಪುತ್ತಿತ್ತು, ಆದರೆ ಆ ಬೇಸಿನ್ ಸರಾಗವಾಗಿ ಖಾಲಿಯಾಗಲು ಮುಚ್ಚಳ 9 ಮಿ.ಮೀ. ಏಳಬೇಕಿತ್ತು.

ಪಟ್ಟಿಯ ತೂತುಗಳ ನಡುವಿನ ಅಂತರ 12 ಮಿ.ಮೀ. ಇತ್ತು, ಅಂದರೆ ಒಂದು ತೂತು ಬದಲಿಸಿದರೆ ಮುಚ್ಚಳ 3 ಮಿ.ಮೀ. ಸರಿಯುತ್ತದೆ. ಕೆಳಗಿನ ತೂತಿನಲ್ಲಿ ಮುಚ್ಚಳ ಪೀಠದಿಂದ 3 ಮಿ.ಮೀ. ಎತ್ತರದಿಂದ 9ರ ವರೆಗೆ ಓಡಾಡುತ್ತಿತ್ತು: ಚೆನ್ನಾಗಿ ಏಳುತ್ತಿತ್ತು, ಕೂರುತ್ತಿರಲಿಲ್ಲ. ಮೇಲಿನ ತೂತಿನಲ್ಲಿ ಸೊನ್ನೆಯಿಂದ 6ರ ವರೆಗೆ: ಕೂರುತ್ತಿತ್ತು, ಆದರೆ ನೀರು ಅಳುತ್ತಾ ಹೋಗುತ್ತಿತ್ತು. ತೂತು ಬದಲಿಸುವುದರಿಂದ ಓಡಾಟದ ಜಾಗ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆಯೇ ಹೊರತು ಅದರ ಅಳತೆ ಹೆಚ್ಚುವುದಿಲ್ಲ. ಅಳತೆ ಹೆಚ್ಚಬೇಕಾದರೆ ಒಂದೋ ಉದ್ದದ ರಾಡ್ ಹಾಕಿ ಪಟ್ಟಿಯನ್ನು ಕೆಳಗಿಳಿಸಬೇಕು, ಇಲ್ಲವೇ ಪಟ್ಟಿಯನ್ನು ಅಡ್ಡ ರಾಡಿನ ಉದ್ದಕ್ಕೂ ಗುಂಡಿನ ಕಡೆಗೆ ಸರಿಸಬೇಕು.

ಅಲ್ಲಿ ಎರಡನೆಯದನ್ನು ಮಾಡಲಾಯಿತು. ಮೇಲಿನ ತೂತಿನಲ್ಲೇ ಇರಿಸಿ, ಎರಡೂ ಬದಿಯ ಸ್ಪ್ರಿಂಗ್ ಕ್ಲಿಪ್ಪನ್ನು ಚಿವುಟಿ ಪಟ್ಟಿಯನ್ನು ಗುಂಡಿನಿಂದ 80 ಮಿ.ಮೀ. ದೂರಕ್ಕೆ ತಂದಾಗ 24 ಮಿ.ಮೀ. ಓಡಾಟವೇ ಮುಚ್ಚಳದ ಬಳಿ 9 ಮಿ.ಮೀ. ಆಯಿತು. ಮುಚ್ಚಿದ ಸ್ಥಿತಿಯಲ್ಲಿ ಆ ಅಡ್ಡ ರಾಡ್ ಬಹುತೇಕ ಸಮತಲವಾಗಿರುತ್ತಿದ್ದುದರಿಂದ ತೂತನ್ನು ಮತ್ತೆ ಬದಲಿಸಬೇಕಾಗಲಿಲ್ಲ. ರಾಡ್ ಓರೆಯಾಗಿ ನಿಲ್ಲುವ ಬೇಸಿನ್‌ಗಳಲ್ಲಿ ಪಟ್ಟಿ ಸರಿಸಿದ ಮೇಲೆ ತೂತನ್ನು ಹೊಸದಾಗಿ ಆರಿಸಿಕೊಳ್ಳಬೇಕಾಗುತ್ತದೆ. ಮೊದಲು ಗೋಡೆಯ ಕಡೆಗೆ ವಾಲಿದ್ದ ಪಟ್ಟಿ ಈಗ ಸ್ವಲ್ಪ ಮುಂದಕ್ಕೆ ವಾಲಿತು. ತೋಳು ಗಿಡ್ಡವಾದಷ್ಟೂ ಗುಂಡಿ ಭಾರವಾಗುತ್ತದೆ, ಇಲ್ಲಿ ಸುಮಾರು ಒಂದೂವರೆ ಪಟ್ಟು. ಬೆರಳಿಗೆ ತಿಳಿಯುತ್ತದೆ, ಆದರೆ ತೊಂದರೆ ಕೊಡುವಷ್ಟಲ್ಲ. ಇನ್ನೂ ಹತ್ತಿರ ಸರಿಸಿದರೆ ಪಟ್ಟಿ ಓರೆಯಾಗಿ ರಾಡಿಗೆ ಕಚ್ಚಿಕೊಳ್ಳುತ್ತದೆ, ಆಗ ಉದ್ದದ ರಾಡೇ ಸರಿಯಾದ ದಾರಿ.

## ಗುಂಡಿ ಬಿಗಿಯಾಗಿದೆ, ಅಥವಾ ಎತ್ತಿದ ಜಾಗದಲ್ಲಿ ನಿಲ್ಲುವುದಿಲ್ಲ

ಎರಡೂ ಗುಂಡಿನ ನಟ್ಟಿನ ಮಾತು. ನಟ್ಟು ಅತಿಯಾಗಿ ಬಿಗಿದಿದ್ದರೆ ಅಡ್ಡ ರಾಡ್ ಅಲುಗದು, ಗುಂಡಿಯನ್ನು ಜೋರಾಗಿ ಒತ್ತಿದರೆ ನಿಂತ ರಾಡೇ ಬಾಗುತ್ತದೆ. ಸಡಿಲವಾಗಿದ್ದರೆ ಹೊರಬದಿಯ ಭಾರಕ್ಕೆ ರಾಡ್ ತಾನಾಗಿ ಜಾರಿ ಮುಚ್ಚಳ ಮೆಲ್ಲಗೆ ಎದ್ದುಬಿಡುತ್ತದೆ, ಜೊತೆಗೆ ನೀರು ಹರಿಯುವಾಗ ಅಲ್ಲಿಂದ ಹನಿಯುತ್ತದೆ. ಪಟ್ಟಿಯನ್ನು ಕಳಚಿ, ಅಡ್ಡ ರಾಡನ್ನು ಕೈಯಲ್ಲಿ ಆಡಿಸುತ್ತಾ ನಟ್ಟನ್ನು ಬೆರಳಿನಲ್ಲೇ ಬಿಗಿದು, ಸ್ಪ್ಯಾನರಿನಿಂದ ಕಾಲು ಸುತ್ತಿನಷ್ಟು ಮಾತ್ರ ಸೇರಿಸಿ. ಬಿಟ್ಟ ಜಾಗದಲ್ಲಿ ರಾಡ್ ನಿಂತು, ಒಂದು ಬೆರಳಿನ ಒತ್ತಡಕ್ಕೆ ಅಲುಗಿದರೆ ಸರಿಯಾಗಿದೆ.

ಅಷ್ಟಕ್ಕೂ ಹನಿಯುತ್ತಿದ್ದರೆ ಬಿಗಿಯುತ್ತಾ ಹೋಗಬೇಡಿ. ನಟ್ಟು ಬಿಚ್ಚಿ ಗುಂಡಿನ ವಾಷರ್ ನೋಡಿ. ಸವೆದಿದ್ದರೆ ಹೊಸದು ಹಾಕಿ. ಇಲ್ಲಿ ಎಳೆಗಳಿಗೆ ಟೆಫ್ಲಾನ್ ಟೇಪ್ ಸುತ್ತುವುದು ವ್ಯರ್ಥ, ನೀರನ್ನು ತಡೆಯುವುದು ಗುಂಡು ಮತ್ತು ವಾಷರ್, ಎಳೆಯಲ್ಲ. ಗೋವಾದ ಕಡಲ ದಂಡೆಯ ಮನೆಗಳಲ್ಲಿ, ಅದರಲ್ಲೂ ಮಳೆಗಾಲವಿಡೀ ಬೀಗ ಹಾಕಿದ ಮನೆಗಳಲ್ಲಿ, ಉಪ್ಪಿನ ಗಾಳಿಗೆ ಅಡ್ಡ ರಾಡು ಮತ್ತು ಕ್ಲಿಪ್ಪು ತುಕ್ಕು ಹಿಡಿದು ತೂತಿನಲ್ಲೇ ಅಂಟಿಕೊಂಡಿರುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಒಂದು ಗಂಟೆ ಬಿಟ್ಟು ಅಲುಗಿಸಿ; ರಾಡ್ ಗುಂಡಿನ ಬಳಿ ತೆಳ್ಳಗಾಗಿದ್ದರೆ ಅದನ್ನು ಉಳಿಸುವ ಯತ್ನ ಬೇಡ, ಪೈಪಿನೊಳಗೆ ಮುರಿದು ಬಿದ್ದರೆ ಬಾಟಲ್ ಟ್ರ್ಯಾಪ್ ಬಿಚ್ಚಬೇಕಾಗುತ್ತದೆ.

## ಗುಂಡಿಯೇ ಇಲ್ಲದ, ಒತ್ತಿದರೆ ಏಳುವ ಮುಚ್ಚಳ

ಈಗಿನ ಹಲವು ಫ್ಲ್ಯಾಟುಗಳಲ್ಲಿರುವುದು ಇದೇ. ಇದಕ್ಕೆ ರಾಡ್‌ಗಳಿಲ್ಲ, ಒಳಗೊಂದು ಸ್ಪ್ರಿಂಗ್ ಕಾರ್ಟ್ರಿಡ್ಜ್ ಮಾತ್ರ. ಮುಚ್ಚಳವನ್ನು ಎಡಕ್ಕೆ ತಿರುಗಿಸಿ ಬಿಚ್ಚಿ ಕೂದಲು ತೆಗೆದ ಮೇಲೂ ಅದು ಕೆಳಗೆ ನಿಲ್ಲದಿದ್ದರೆ ಕಾರ್ಟ್ರಿಡ್ಜ್ ಬದಲಿಸಬೇಕು, ಹೊಂದಿಸಲು ಏನೂ ಇಲ್ಲ.

## ಬಾತ್‌ಟಬ್ಬಿನಲ್ಲಿ ಇದೇ ತೊಂದರೆ

ಟಬ್ಬಿನ ಜೋಡಣೆ ಓವರ್‌ಫ್ಲೋ ತಟ್ಟೆಯ ಹಿಂದೆ ಅಡಗಿರುತ್ತದೆ. ತಟ್ಟೆಯ ಸ್ಕ್ರೂ ಬಿಚ್ಚುವ ಮೊದಲು ಟಬ್ಬಿನ ತೂತಿಗೆ ಬಟ್ಟೆ ತುರುಕಿ, ಇಲ್ಲವಾದರೆ ಸ್ಕ್ರೂ ಅದರೊಳಗೇ ಬೀಳುತ್ತದೆ. ತಟ್ಟೆಯೊಂದಿಗೆ ಮೇಲೆ ಬರುವ ರಾಡಿನಲ್ಲಿ ಎಳೆಗಳೂ ಲಾಕ್ ನಟ್ಟೂ ಇರುತ್ತವೆ. ಕಣ್ಣಿಗೆ ಕಾಣುವ ಮುಚ್ಚಳ ಏಳುವ ಮಾದರಿಯಾದರೆ, ರಾಡ್ ಉದ್ದವಾಗಿದ್ದಾಗ ಅದು ಮುಚ್ಚಳವನ್ನು ಕೆಳಗಿನಿಂದ ತಳ್ಳಿ ಹಿಡಿದು ಕೂರಲು ಬಿಡುವುದಿಲ್ಲ, ಗಿಡ್ಡ ಮಾಡಬೇಕು. ಸಾಕಷ್ಟು ಏಳದಿದ್ದರೆ ಉದ್ದ ಮಾಡಬೇಕು. ಮುಚ್ಚಳ ಕಾಣದೆ ಒಳಗೆ ಹಿತ್ತಾಳೆಯ ತುಂಡೊಂದು ಇಳಿದು ಪೈಪನ್ನು ಮುಚ್ಚುವ ಮಾದರಿಯಾದರೆ ಲೆಕ್ಕ ತಿರುಗುಮುರುಗು. ಒಮ್ಮೆಗೆ ಎರಡು ಸುತ್ತಿಗಿಂತ ಹೆಚ್ಚು ಬದಲಿಸದೆ ಪರೀಕ್ಷಿಸುತ್ತಾ ಹೋಗಿ.

## ಎಲ್ಲಿ ನಿಲ್ಲಿಸಬೇಕು

ಗುಂಡಿನ ನಟ್ಟು ಕೈಗೆ ಜಗ್ಗದೆ ಇಡೀ ವೇಸ್ಟೇ ತಿರುಗತೊಡಗಿದರೆ ಅಲ್ಲಿಗೆ ಕೈ ತೆಗೆಯಿರಿ. ಸ್ಪ್ಯಾನರಿಗೆ ಇನ್ನಷ್ಟು ಬಲ ಹಾಕಿದರೆ ಸೆರಾಮಿಕ್ ಬಿರುಕು ಬಿಡಬಹುದು. ಸೆರಾಮಿಕ್‌ನಲ್ಲಿ ಈಗಾಗಲೇ ಕೂದಲೆಳೆಯ ಬಿರುಕು ಕಂಡರೆ, ಗುಂಡು ಕೂರುವ ಜಾಗದ ಎಳೆ ಸವೆದಿದ್ದರೆ, ಅಥವಾ ಬೇಸಿನ್‌ನ ಕಂಬವನ್ನು ಸರಿಸದೆ ರಾಡ್ ಕೈಗೆ ಸಿಗದಿದ್ದರೆ ಪ್ಲಂಬರನ್ನು ಕರೆಯಿರಿ. ಕಂಬ ಸರಿಸಿದಾಗ ಬೇಸಿನ್ ಗೋಡೆಯ ಬೋಲ್ಟುಗಳ ಮೇಲೆ ನಿಲ್ಲುತ್ತದೆಯೋ ಇಲ್ಲವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಕೆಳಮನೆಯ ಸೀಲಿಂಗಿನಲ್ಲಿ ತೇವ ಕಂಡಿದ್ದರೆ ಆ ಬೇಸಿನ್ ಬಳಸುವುದನ್ನು ನಿಲ್ಲಿಸಿ ಸೊಸೈಟಿ ಕಚೇರಿಗೂ ತಿಳಿಸಿ.

ವೇಸ್ಟನ್ನೇ ಬದಲಿಸಬೇಕಾಗಿ ಬಂದರೆ ಅಂಗಡಿಯಲ್ಲಿ ಎರಡು ವಿಷಯ ಹೇಳಬೇಕು. ಬೇಸಿನ್ ವೇಸ್ಟುಗಳು ಸಾಮಾನ್ಯವಾಗಿ 32 ಮಿ.ಮೀ. ಅಳತೆಯವು, ಆದರೂ ಹಳೆಯದನ್ನು ಕೊಂಡೊಯ್ದು ಹೋಲಿಸಿ. ನಿಮ್ಮ ಬೇಸಿನ್‌ಗೆ ಓವರ್‌ಫ್ಲೋ ತೂತಿದ್ದರೆ ಪಕ್ಕದಲ್ಲಿ ಸೀಳಿರುವ ವೇಸ್ಟ್ ಬೇಕು, ಇಲ್ಲದಿದ್ದರೆ ಸೀಳಿಲ್ಲದ್ದು. ಹೊಸದರ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆದು, ಅಡ್ಡ ರಾಡ್, ಪಟ್ಟಿ, ಕ್ಲಿಪ್ ಮೂರೂ ಇವೆಯೇ ಎಂದು ನೋಡಿಕೊಂಡು, ನಿಂತ ರಾಡನ್ನು ಮಾತ್ರ ಹಳೆಯದರ ಪಕ್ಕದಲ್ಲಿಟ್ಟು ಉದ್ದ ಅಳೆದು ತೆಗೆದುಕೊಳ್ಳಿ.